ಸಂತಾಪದ ಪತ್ರ, ಬಾಕಿಯ ಲೆಕ್ಕ

ಪೀಣ್ಯದ ಕಾರ್ಖಾನೆಯೊಂದರ ಮೆಷಿನ್ ಆಪರೇಟರ್, ಸೇವೆಯಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು ಎಂದುಕೊಳ್ಳಿ. ಮನೆಯಲ್ಲಿ ಹೆಂಡತಿ, ಇಬ್ಬರು ಶಾಲೆಗೆ ಹೋಗುವ ಮಕ್ಕಳು. ಕಂಪನಿಯಿಂದ ಆ ಮನೆಗೆ ಎರಡು ಕಾಗದಗಳು ಹೋಗಬೇಕು. ಇವೆರಡನ್ನೂ ಒಂದೇ ಹಾಳೆಯಲ್ಲಿ ತುರುಕುವುದು ತಪ್ಪು. ದುಃಖದ ಮಾತಿನ ಕೆಳಗೇ ಮುಂಗಡದ ಕಡಿತ ಕಂಡರೆ ಮನೆಯವರಿಗೆ ಕೊನೆಗೆ ನೆನಪಿನಲ್ಲಿ ಉಳಿಯುವುದು ಆ ಕಡಿತವೇ.

ಸಂತಾಪದ ಪತ್ರ ಹೆಂಡತಿಯ ಹೆಸರಿಗೆ, ಮೇಲಧಿಕಾರಿಯ ಸಹಿಯೊಂದಿಗೆ, ಕೆಲವೇ ಸಾಲುಗಳಲ್ಲಿರಲಿ. ‘ತುಂಬಲಾರದ ನಷ್ಟ’ ಎಂಬ ಮಾತು ಯಾರಿಗೆ ಬರೆದರೂ ಸಲ್ಲುತ್ತದೆ. ‘ರಾತ್ರಿ ಪಾಳಿಗೆ ಹೊಸದಾಗಿ ಬಂದ ಹುಡುಗರಿಗೆ ಲೇತ್ ಕೆಲಸ ಕಲಿಸಿದವರು ನಿಮ್ಮ ಯಜಮಾನರೇ’ ಎಂಬ ಸಾಲು ಆ ಒಬ್ಬರಿಗೆ ಮಾತ್ರ ಸಲ್ಲುತ್ತದೆ. ಇಂಥದ್ದು ಸಹೋದ್ಯೋಗಿಗಳನ್ನು ಕೇಳಿದರಷ್ಟೇ ಸಿಗುತ್ತದೆ.

ಎರಡನೆಯ ಕಾಗದದಲ್ಲಿ ಹೆಚ್ಚು ಎಡವುವುದು ಗ್ರಾಚ್ಯುಟಿಯ ವಿಷಯದಲ್ಲಿ. ಈ ಆಪರೇಟರ್ ದುಡಿದದ್ದು 3 ವರ್ಷ 8 ತಿಂಗಳು. ‘ಐದು ವರ್ಷ ತುಂಬಿಲ್ಲ, ಗ್ರಾಚ್ಯುಟಿ ಬರುವುದಿಲ್ಲ’ ಎಂದು ಗುಮಾಸ್ತರು ಹೇಳಿದರೆ ಒಪ್ಪಬೇಕಾಗಿಲ್ಲ. ನೌಕರ ಮೃತಪಟ್ಟಾಗ ಆ ಐದು ವರ್ಷದ ಷರತ್ತು ಅನ್ವಯಿಸುವುದಿಲ್ಲ. ಆರು ತಿಂಗಳು ಮೀರಿದ ಅವಧಿ ಪೂರ್ತಿ ವರ್ಷವೆಂದೇ ಗಣನೆಯಾಗುವುದರಿಂದ ಸೇವೆ 4 ವರ್ಷ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 26,000 ರೂಪಾಯಿ. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 1,000. ವರ್ಷಕ್ಕೆ 15 ದಿನದಂತೆ ನಾಲ್ಕು ವರ್ಷಕ್ಕೆ 60,000 ರೂಪಾಯಿ. ಇದನ್ನು 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿಯೂ ಸೇರುತ್ತದೆ. ಇದರ ಜೊತೆಗೆ ದುಡಿದ ದಿನಗಳ ಸಂಬಳ, ಉಳಿದ ಗಳಿಕೆ ರಜೆಯ ಹಣವೂ ಕಂಪನಿಯಿಂದಲೇ ಬರಬೇಕು.

ದೊಡ್ಡ ಮೊತ್ತ ಬರುವುದು ಮಾತ್ರ ಪಿಎಫ್ ಕಚೇರಿಯಿಂದ. ಹಲವು ಕಂಪನಿಗಳು ತಮ್ಮ ಲೆಕ್ಕ ಮುಗಿಸಿ ಸುಮ್ಮನಾಗುತ್ತವೆ, ಮನೆಯವರಿಗೆ ವಿಮೆ ಇರುವುದೇ ತಿಳಿಯುವುದಿಲ್ಲ. ಪಿಎಫ್ ಜೊತೆಗಿರುವ ಠೇವಣಿ ಜೋಡಿತ ವಿಮೆಯ ಕಂತನ್ನು ಕಟ್ಟುವುದು ಮಾಲೀಕರು, ನೌಕರನ ಸಂಬಳದಿಂದ ಏನೂ ಕಡಿತವಾಗುವುದಿಲ್ಲ. ಲೆಕ್ಕಕ್ಕೆ ವೇತನದ ಮಿತಿ 15,000 ರೂಪಾಯಿ. ಅದರ 35 ಪಟ್ಟು 5,25,000. ಇವರ ಪಿಎಫ್ ಖಾತೆಯಲ್ಲಿ ಕಳೆದ 12 ತಿಂಗಳು ಸರಾಸರಿ 1,60,000 ಇದ್ದರೆ ಅದರ ಅರ್ಧ 80,000 ಸೇರಿ 6,05,000 ರೂಪಾಯಿ. ಗರಿಷ್ಠ ಮಿತಿ 7 ಲಕ್ಷ. ಪಿಎಫ್ ಹಣ, ಹೆಂಡತಿಯ ಪಿಂಚಣಿ ಮತ್ತು ಮಕ್ಕಳ ಪಿಂಚಣಿ ಇದರಿಂದ ಬೇರೆ.

ಹೀಗಾಗಿ ಲೆಕ್ಕದ ಕಾಗದದಲ್ಲಿ ಒಂದೊಂದು ಹಣದ ಮುಂದೆಯೂ ಕೊಡುವವರು ಯಾರು, ಅರ್ಜಿ ಯಾವುದು, ಬೇಕಾದ ದಾಖಲೆ ಏನು ಎಂಬುದಿರಬೇಕು: ಪಿಎಫ್‌ಗೆ ಫಾರಂ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್, ಜೊತೆಗೆ ಮರಣ ಪ್ರಮಾಣಪತ್ರ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿ. ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಸಾಲಿಗೆ ಸಹಿ ಮಾಡಿಸುವ ಮುನ್ನ ಈ ಪಟ್ಟಿ ಅವರ ಕೈಸೇರಬೇಕು. ಫಾರಂಗಳನ್ನು ತುಂಬಿಕೊಡಲು ಒಬ್ಬ ಸಿಬ್ಬಂದಿಯ ಹೆಸರು, ಮೊಬೈಲ್ ಸಂಖ್ಯೆಯನ್ನೂ ಅಲ್ಲೇ ಬರೆದುಕೊಟ್ಟರೆ ಆ ಹೆಂಡತಿ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ.