ರೂಮ್‌ಮೇಟ್ ಕೊಟ್ಟ ಮಾತ್ರೆಯಿಂದ ನೆಗಡಿ ಹೋಯಿತೇ? ಮೀಮ್‌ನಲ್ಲಿ ನಗು ಎಲ್ಲಿ ಬರಬೇಕು?

ನೆಗಡಿ, ಹಾಸ್ಟೆಲ್, ಮಾತ್ರೆ. ಈ ಮೂರನ್ನು ಸೇರಿಸಿ ಮಾಡಿದ ಮೀಮ್ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಒಂದೊಂದೇ ಸ್ಲೈಡ್ ಸರಿಸುತ್ತಾ ಹೋಗುತ್ತೇವೆ, 'ಅಯ್ಯೋ, ಇದು ನಮ್ಮ ರೂಮಿನ ಕಥೆಯೇ' ಅನ್ನಿಸುತ್ತದೆ, ನಗುತ್ತೇವೆ, ಗೆಳೆಯರ ಗ್ರೂಪಿಗೆ ಕಳಿಸುತ್ತೇವೆ. ಆದರೆ ನಕ್ಕ ಮೇಲೆ ತಲೆಯಲ್ಲಿ ಉಳಿದದ್ದು ಏನು? ಆರೋಗ್ಯದ ವಿಷಯದಲ್ಲಿ ಈ ಪ್ರಶ್ನೆ ಮುಖ್ಯ. ನಗು ತಪ್ಪು ಜಾಗದಲ್ಲಿ ಬಂದರೆ, ಸುಳ್ಳನ್ನು ತೊಲಗಿಸಲು ಮಾಡಿದ ಮೀಮ್ ಅದೇ ಸುಳ್ಳನ್ನು ಹರಡಿಬಿಡುತ್ತದೆ.

ಅದು ಹೇಗೆ ಎಂದು ತಿಳಿಯಲು ಒಂದೇ ವಿಷಯದ ಮೇಲೆ ಎರಡು ಬಗೆಯ ಸ್ಲೈಡ್ ಸರಣಿ ಬರೆದು ನೋಡೋಣ. ವಿಷಯ ಇದು: ನೆಗಡಿ ಬಂದಾಗ ಯಾರೋ ಉಳಿಸಿಟ್ಟ ಆಂಟಿಬಯೋಟಿಕ್ ಮಾತ್ರೆ ನುಂಗುವುದು.

ಮೊದಲ ಸರಣಿ: ನಗು ಬಂತು, ವಿಷಯ ಹೋಯಿತು

ಸ್ಲೈಡ್ 1: ನೆಗಡಿ ಬಂದರೆ ಸಾಕು, ಹಾಸ್ಟೆಲ್ಲಿನ ಪ್ರತಿ ರೂಮಿನಲ್ಲೂ ಒಬ್ಬ ಡಾಕ್ಟರ್ ಹುಟ್ಟಿಕೊಳ್ಳುತ್ತಾನೆ.

ಸ್ಲೈಡ್ 2: ಅವನ ಪೆನ್ಸಿಲ್ ಬಾಕ್ಸ್‌ನಲ್ಲಿ ಇರುವುದು: ಎರಡು ಪೆನ್ನು, ಒಂದು ಸ್ಕೇಲು, ಹೋದ ವರ್ಷದ ಅರ್ಧ ಸ್ಟ್ರಿಪ್ ಆಂಟಿಬಯೋಟಿಕ್.

ಸ್ಲೈಡ್ 3: "ತಗೋ ಮಗಾ, ನಂಗೆ ಎರಡೇ ದಿನಕ್ಕೆ ವಾಸಿ ಆಯ್ತು!"

ಸ್ಲೈಡ್ 4: ಓದ್ತಿರೋದು ಬಿ.ಕಾಂ., ಬರೀತಿರೋದು ಪ್ರಿಸ್ಕ್ರಿಪ್ಷನ್.

ಸ್ಲೈಡ್ 5: ನೆಗಡಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ವೈದ್ಯರನ್ನು ಕೇಳದೆ ಸೇವಿಸಬೇಡಿ.

ಓದಿದವರು ನಗುವುದು ನಾಲ್ಕನೇ ಸ್ಲೈಡಿನಲ್ಲಿ. ಅಲ್ಲಿಗೆ ಕಥೆ ಮುಗಿಯಿತು ಅನ್ನಿಸುತ್ತದೆ. ಐದನೆಯದು ಸಿನಿಮಾ ಮುಗಿದ ಮೇಲೆ ಬರುವ ಹೆಸರುಗಳ ಪಟ್ಟಿಯಂತೆ. ಎದ್ದು ಹೋಗುವವರೇ ಜಾಸ್ತಿ.

ಇನ್ನೊಂದು ತೊಂದರೆ ಮೂರನೇ ಸ್ಲೈಡಿನದು. ಇಡೀ ಸರಣಿಯನ್ನು ಯಾರೂ ಕಳಿಸುವುದಿಲ್ಲ. ಇಷ್ಟವಾದ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ. ಹಾಗೆ ಹೊರಟ ಮೂರನೇ ಸ್ಲೈಡ್ ಏನು ಹೇಳುತ್ತದೆ? 'ಈ ಮಾತ್ರೆಯಿಂದ ಎರಡೇ ದಿನಕ್ಕೆ ವಾಸಿ' ಎಂದು. ಒಂದು ಮಾತನ್ನು ಮತ್ತೆ ಮತ್ತೆ ಕೇಳಿದಷ್ಟೂ ಅದು ನಿಜ ಅನ್ನಿಸತೊಡಗುತ್ತದೆ ಎಂದು ಮನೋವಿಜ್ಞಾನಿಗಳು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ತಮಾಷೆಗೆ ಹೇಳಿದ್ದು ಅನ್ನುವುದು ಮರೆತುಹೋಗಬಹುದು, ಮಾತು ಉಳಿದುಬಿಡುತ್ತದೆ.

ಮೂರನೆಯದಾಗಿ, ಇಲ್ಲಿ ನಾವು ನಗುತ್ತಿರುವುದು ರೂಮ್‌ಮೇಟ್‌ನನ್ನು ನೋಡಿ. ಪಾಪ, ಅವನು ಪ್ರೀತಿಯಿಂದ ಕೊಟ್ಟಿದ್ದಾನೆ. ಈ ಮೀಮ್ ಯಾರಿಗೆ ತಲುಪಬೇಕೋ ಅವನೇ ಇದನ್ನು ನೋಡಿ, 'ನನ್ನನ್ನು ಆಡಿಕೊಳ್ಳುತ್ತಿದ್ದಾರೆ' ಎಂದು ಮುಂದೆ ಸರಿಸಿಬಿಡುತ್ತಾನೆ. ಅವನ ಅನುಭವಕ್ಕೆ ಉತ್ತರವೂ ಇಲ್ಲಿಲ್ಲ. ಅವನಿಗೆ ನಿಜವಾಗಿಯೂ ಎರಡು ದಿನದಲ್ಲಿ ಹಗುರವಾಗಿತ್ತಲ್ಲ!

ಎರಡೇ ದಿನಕ್ಕೆ ವಾಸಿಯಾಗಿದ್ದು ಹೇಗೆ?

ನಗು ಎಲ್ಲಿ ಬರಬೇಕು ಎನ್ನುವುದಕ್ಕೆ ದಾರಿ ಸಿಗುವುದು ಈ ಪ್ರಶ್ನೆಯಲ್ಲೇ.

ನೆಗಡಿ ಬರುವುದು ವೈರಸ್‌ಗಳಿಂದ. ಅವುಗಳಲ್ಲಿ ರೈನೋವೈರಸ್‌ಗಳದೇ ದೊಡ್ಡ ಪಾಲು. ಆಂಟಿಬಯೋಟಿಕ್ ಔಷಧಿಗಳು ಬ್ಯಾಕ್ಟೀರಿಯಾಗಳಲ್ಲಿ ಮಾತ್ರ ಇರುವ ಭಾಗಗಳ ಮೇಲೆ ದಾಳಿ ಮಾಡುತ್ತವೆ. ಅಮಾಕ್ಸಿಸಿಲಿನ್ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟಿಕೊಳ್ಳುವುದನ್ನು ತಡೆಯುತ್ತದೆ. ಅಜಿತ್ರೋಮೈಸಿನ್ ಅದು ಪ್ರೋಟೀನ್ ತಯಾರಿಸುವುದನ್ನು ನಿಲ್ಲಿಸುತ್ತದೆ. ವೈರಸ್‌ಗೆ ಅಂಥ ಗೋಡೆಯೂ ಇಲ್ಲ, ಪ್ರೋಟೀನ್ ತಯಾರಿಸುವ ಸ್ವಂತ ವ್ಯವಸ್ಥೆಯೂ ಇಲ್ಲ. ಹಾಗಾಗಿ ಈ ಮಾತ್ರೆಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ.

ಈಗ ದಿನಗಳ ಲೆಕ್ಕ ನೋಡಿ. ಸೋಮವಾರ ಗಂಟಲು ಕೆರೆತ ಶುರುವಾಯಿತು ಎನ್ನಿ. ನೆಗಡಿ ಸಾಮಾನ್ಯವಾಗಿ ಎರಡು-ಮೂರನೇ ದಿನಕ್ಕೆ ಜೋರಾಗುತ್ತದೆ, ಅಂದರೆ ಬುಧವಾರ. ಆಮೇಲೆ ತಾನಾಗಿ ಇಳಿಯತೊಡಗುತ್ತದೆ, 7ರಿಂದ 10 ದಿನದಲ್ಲಿ ಬಹುತೇಕ ವಾಸಿಯಾಗುತ್ತದೆ. ನಾವು ಮಾತ್ರೆ ಹುಡುಕುವುದು ಯಾವಾಗ? ಸೋಮವಾರ ಅಲ್ಲ, ತಡೆಯಲಾಗದ ಬುಧವಾರ ರಾತ್ರಿ. ಶುಕ್ರವಾರ ಹಗುರ ಅನ್ನಿಸುತ್ತದೆ. ಮಾತ್ರೆ ನುಂಗದಿದ್ದರೂ ಶುಕ್ರವಾರ ಹಗುರವಾಗುತ್ತಿತ್ತು. ಆದರೆ ಪೂರ್ತಿ ಹೆಸರು ಮಾತ್ರೆಗೆ ಹೋಯಿತು.

ಕೆಲಸ ಮಾಡಿದವರು ಒಬ್ಬರು, ಹೆಸರು ಇನ್ನೊಬ್ಬರದು. ಇದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿರುವ ನೋವೇ ಅಲ್ಲವೇ? ಗ್ರೂಪ್ ಪ್ರಾಜೆಕ್ಟ್!

ಎರಡನೇ ಸರಣಿ: ವಿಷಯವೇ ನಗು

ಸ್ಲೈಡ್ 1: ಗ್ರೂಪ್ ಪ್ರಾಜೆಕ್ಟ್: ನೆಗಡಿ ಓಡಿಸುವುದು. ಸದಸ್ಯರು: ರೋಗನಿರೋಧಕ ಶಕ್ತಿ, ನಿದ್ದೆ, ರೂಮ್‌ಮೇಟ್ ಕೊಟ್ಟ ಆಂಟಿಬಯೋಟಿಕ್.

ಸ್ಲೈಡ್ 2: ಸೋಮವಾರ, ಗಂಟಲು ಕೆರೆತ. ರೋಗನಿರೋಧಕ ಶಕ್ತಿ: "ನಾನು ಶುರು ಮಾಡ್ತೀನಿ." ಆಂಟಿಬಯೋಟಿಕ್: ಮೆಸೇಜ್ ನೋಡಿದೆ, ಉತ್ತರ ಇಲ್ಲ.

ಸ್ಲೈಡ್ 3: ಬುಧವಾರ, ಮೂಗು ಪೂರ್ತಿ ಬಂದ್. ರೋಗನಿರೋಧಕ ಶಕ್ತಿ ಹಗಲು-ರಾತ್ರಿ ಕೆಲಸ. ಆಂಟಿಬಯೋಟಿಕ್: "ಪ್ರಿಂಟ್ ತೆಗೆಸೋದಿದ್ರೆ ಹೇಳ್ರೋ, ಬರ್ತೀನಿ."

ಸ್ಲೈಡ್ 4: ಶುಕ್ರವಾರ, ನೆಗಡಿ ಇಳಿಯಿತು. ಕೆಲಸ ಮಾಡಿದ್ದು: ರೋಗನಿರೋಧಕ ಶಕ್ತಿ. ಕವರ್ ಪೇಜಿನಲ್ಲಿ ಹೆಸರು: ಆಂಟಿಬಯೋಟಿಕ್.

ಸ್ಲೈಡ್ 5: ನೆಗಡಿ ತರುವುದು ವೈರಸ್. ಆಂಟಿಬಯೋಟಿಕ್ ಓದಿರುವುದು ಬ್ಯಾಕ್ಟೀರಿಯಾ ಮಾತ್ರ. ಸಿಲಬಸ್ಸೇ ಬೇರೆ!

ಇಲ್ಲಿ ನಗು ಬರುವುದು ನಾಲ್ಕು ಮತ್ತು ಐದನೇ ಸ್ಲೈಡಿನಲ್ಲಿ. ವಿಷಯ ಇರುವುದೂ ಅಲ್ಲೇ. ನಾಳೆ ಯಾರಾದರೂ ಈ ಜೋಕನ್ನು ಇನ್ನೊಬ್ಬರಿಗೆ ಹೇಳಬೇಕೆಂದರೆ 'ಆಂಟಿಬಯೋಟಿಕ್ ಏನೂ ಮಾಡದೆ ಹೆಸರು ತಗೊಂಡಿತು' ಎಂದೇ ಹೇಳಬೇಕು. ವಿಷಯ ಬಿಟ್ಟರೆ ಜೋಕೇ ಇಲ್ಲ. ನಾವು ನಕ್ಕಿದ್ದು ಕೂಡ ರೂಮ್‌ಮೇಟ್‌ನನ್ನು ನೋಡಿ ಅಲ್ಲ. ಲೆಕ್ಕ ತಪ್ಪಿದ ನಮ್ಮನ್ನು ನೋಡಿ, ಹೆಸರು ಹಾಕಿಸಿಕೊಂಡ ಮಾತ್ರೆಯನ್ನು ನೋಡಿ. ಹಾಗಾಗಿ ಇದನ್ನು ರೂಮ್‌ಮೇಟ್‌ಗೇ ಕಳಿಸಬಹುದು, ಅವನೂ ನಗುತ್ತಾನೆ.

ಮೊದಲ ಸರಣಿಯನ್ನು ಇದೇ ರೀತಿ ಪರೀಕ್ಷಿಸಿ. ಐದನೇ ಸ್ಲೈಡ್ ತೆಗೆದುಹಾಕಿದರೂ ಜೋಕ್ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಅಂದರೆ ಆ ಜೋಕಿಗೆ ವಿಷಯದ ಅಗತ್ಯವೇ ಇರಲಿಲ್ಲ.

'ಮಾತ್ರೆ' ಎಂದು ಬರೆದರೆ ಏನಾಗುತ್ತಿತ್ತು?

ಸ್ಲೈಡುಗಳಲ್ಲಿ ನಾವು ಬೇಕೆಂದೇ ಪ್ರತಿ ಸಲ 'ಆಂಟಿಬಯೋಟಿಕ್' ಎಂದೇ ಬರೆದಿದ್ದೇವೆ. 'ಮಾತ್ರೆ' ಎಂದಿದ್ದರೆ ಓದಲು ಸುಲಭ, ಆದರೆ ತಪ್ಪು. ಪ್ಯಾರಾಸಿಟಮಾಲ್ ಕೂಡ ಮಾತ್ರೆಯೇ. ಅದು ವೈರಸ್ಸನ್ನು ಕೊಲ್ಲದಿದ್ದರೂ ಜ್ವರ, ಮೈಕೈ ನೋವನ್ನು ಇಳಿಸುತ್ತದೆ. 'ನೆಗಡಿಗೆ' ಎಂಬ ಪದವೂ ಅಷ್ಟೇ ಮುಖ್ಯ. ನ್ಯುಮೋನಿಯಾ ಬ್ಯಾಕ್ಟೀರಿಯಾದಿಂದ ಬಂದಿದ್ದರೆ ಅದೇ ಆಂಟಿಬಯೋಟಿಕ್ ಜೀವ ಉಳಿಸುತ್ತದೆ. ಮೀಮ್ ನೋಡಿ ಯಾರಾದರೂ ವೈದ್ಯರು ಬರೆದುಕೊಟ್ಟ ಔಷಧಿ ನಿಲ್ಲಿಸಿದರೆ ನಮ್ಮ ಜೋಕು ಅಪಾಯಕಾರಿ ಆಯಿತು ಎಂದೇ ಅರ್ಥ.

ಹಾಗಾದರೆ ಸುಮ್ಮನೆ ನುಂಗಿದ ಆಂಟಿಬಯೋಟಿಕ್‌ನಿಂದ ನಷ್ಟವೇನು? ವೈರಸ್‌ಗೆ ಏನೂ ಆಗದಿದ್ದರೂ ನಮ್ಮ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಬೀಳುತ್ತದೆ. ಕೆಲವರಿಗೆ ಭೇದಿ ಶುರುವಾಗುತ್ತದೆ. ಆ ಔಷಧಿಯನ್ನು ತಾಳಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳು ಮಾತ್ರ ಉಳಿದು ಬೆಳೆಯುತ್ತವೆ. ಮುಂದೆ ನಮಗೋ ಮನೆಯವರಿಗೋ ನಿಜವಾಗಿ ಬ್ಯಾಕ್ಟೀರಿಯಾ ಸೋಂಕು ಬಂದಾಗ ಅದೇ ಔಷಧಿ ನಾಟದೇ ಹೋಗಬಹುದು. ಇದಕ್ಕಾಗಿಯೇ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಕೆಂಪು ಗೆರೆಯ ಬಗ್ಗೆ ಪ್ರಚಾರ ಶುರುಮಾಡಿತು. ಸ್ಟ್ರಿಪ್‌ನ ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿ ಇಲ್ಲದೆ ಸೇವಿಸುವಂತಿಲ್ಲ ಎಂದು ಅರ್ಥ. ಪೆನ್ಸಿಲ್ ಬಾಕ್ಸ್‌ನಲ್ಲಿರುವ ಸ್ಟ್ರಿಪ್ ತಿರುಗಿಸಿ ನೋಡಿ.

ನಗು ಬೇಡವಾದ ಸ್ಲೈಡ್

ನಮ್ಮ ಸರಣಿಗೆ ಆರನೇ ಸ್ಲೈಡ್ ಒಂದಿದೆ. ಅದರಲ್ಲಿ ಜೋಕ್ ಇಲ್ಲ.

ಸ್ಲೈಡ್ 6: ಉಸಿರಾಡಲು ಕಷ್ಟ, ಎದೆನೋವು, ಮೂರು ದಿನ ದಾಟಿದ ಜ್ವರ, 10 ದಿನವಾದರೂ ಕಡಿಮೆಯಾಗದ ನೆಗಡಿ, ಅಥವಾ ಒಮ್ಮೆ ಇಳಿದು ಮತ್ತೆ ಜೋರಾದ ತೊಂದರೆ: ವೈದ್ಯರ ಬಳಿ ಹೋಗಿ. ಮೂಗು ಸೋರದೆ ಜೋರು ಜ್ವರ, ವಿಪರೀತ ಮೈಕೈ ನೋವು ಇದ್ದರೆ ನೆಗಡಿ ಎಂದುಕೊಳ್ಳಬೇಡಿ, ಡೆಂಗಿ ಇರಬಹುದು.

ಇಲ್ಲಿ ನಗಿಸಲು ಹೋಗದಿರುವುದಕ್ಕೆ ಕಾರಣವಿದೆ. ಹಾಸ್ಯದ ಸಂದೇಶಗಳ ಬಗ್ಗೆ 2007ರಲ್ಲಿ ಪ್ರಕಟವಾದ ರಾಬಿನ್ ನಬಿ ಮತ್ತು ಜೊತೆಗಾರರ ಅಧ್ಯಯನವೊಂದರಲ್ಲಿ ಕಂಡದ್ದು ಇದು: ನಗಿಸಿದರೆ ಜನ ಗಮನ ಕೊಟ್ಟು ಕೇಳುತ್ತಾರೆ, ವಾದಕ್ಕೂ ಇಳಿಯುವುದಿಲ್ಲ, ಆದರೆ 'ಇದು ಬರೀ ತಮಾಷೆ' ಎಂದು ಸಂದೇಶವನ್ನು ಪಕ್ಕಕ್ಕಿಡುತ್ತಾರೆ. ಅಪಾಯದ ಲಕ್ಷಣಗಳನ್ನು ಯಾರೂ ಹಾಗೆ ಪಕ್ಕಕ್ಕಿಡಬಾರದು.

ಫಾರ್ವರ್ಡ್ ಮಾಡುವ ಮೊದಲು

ಮುಂದಿನ ಸಲ ಆರೋಗ್ಯದ ಬಗ್ಗೆ ತಮಾಷೆಯ ಸ್ಲೈಡ್ ಬಂದಾಗ, ನಿಮಗೆ ನಗು ಬಂದ ಸ್ಲೈಡನ್ನು ಮಾತ್ರ ಇನ್ನೊಮ್ಮೆ ಓದಿ. ಹಿಂದೆ ಮುಂದೆ ಏನೂ ಇಲ್ಲದೆ, ಅದೊಂದೇ ನಿಮ್ಮ ಅಮ್ಮನ ಮೊಬೈಲ್‌ಗೆ ಹೋಯಿತು ಎಂದುಕೊಳ್ಳಿ. ಅವರು ಅದರಿಂದ ಏನೆಂದು ತಿಳಿದುಕೊಳ್ಳುತ್ತಾರೆ? 'ನೆಗಡಿಗೆ ಆಂಟಿಬಯೋಟಿಕ್ ಪ್ರಯೋಜನವಿಲ್ಲ' ಎಂದಾದರೆ ಕಳಿಸಿ. 'ಎರಡೇ ದಿನಕ್ಕೆ ವಾಸಿ' ಎಂದಾದರೆ, ಎಷ್ಟೇ ನಗು ಬಂದಿದ್ದರೂ, ಅದು ನಿಮ್ಮ ಮೊಬೈಲ್‌ನಲ್ಲೇ ನಿಲ್ಲಲಿ.