ಕೂದಲ ಹೇನು, ಚರ್ಮದ ಹುಳ: ಗುಪ್ತಾಂಗದ ನವೆಯ ಎರಡು ಕಾರಣ

ಗುಪ್ತಾಂಗದಲ್ಲಿ ನವೆ ಹುಟ್ಟಿಸುವ ಪರಜೀವಿಗಳು ಮುಖ್ಯವಾಗಿ ಎರಡು. ಒಂದು ಅಲ್ಲಿನ ಕೂದಲು ಹಿಡಿದು ಕೂರುವ ಹೇನು, ಇನ್ನೊಂದು ಚರ್ಮದೊಳಗೆ ಬಿಲ ಕೊರೆಯುವ ಕಜ್ಜಿಹುಳ. ಎರಡರ ನವೆಯೂ ರಾತ್ರಿ ಜೋರಾಗುತ್ತದೆ. ಎರಡಕ್ಕೂ ಬರೆದುಕೊಡುವ ಔಷಧ ಹೆಚ್ಚಾಗಿ ಒಂದೇ, ಪರ್ಮೆಥ್ರಿನ್. ಆದರೆ ಔಷಧದ ಪ್ರಮಾಣ, ಹಚ್ಚುವ ಜಾಗ, ಬಿಡುವ ಹೊತ್ತು ಬೇರೆ ಬೇರೆ. ರೋಗಿಯ ಜೊತೆಗೆ ಇನ್ಯಾರು ಹಚ್ಚಿಕೊಳ್ಳಬೇಕು ಎಂಬುದೂ ಬೇರೆ. ಚಿಕಿತ್ಸೆ ಕೈಕೊಡುವುದು ಬಹುಪಾಲು ಈ ಕೊನೆಯ ವಿಷಯದಲ್ಲೇ.

ಗುಪ್ತಾಂಗದ ಹೇನು ತಲೆಹೇನಿನ ಜಾತಿಯದಲ್ಲ. ಒಂದೆರಡು ಮಿಲಿಮೀಟರ್ ಉದ್ದದ, ಅಗಲ ಮೈಯ, ಏಡಿಯಂತೆ ಕೊಂಡಿಗಾಲಿನ ಜೀವಿ ಅದು. ದಪ್ಪ ಕೂದಲನ್ನು ತಬ್ಬಲು ಅದರ ಕಾಲು ಹೇಳಿ ಮಾಡಿಸಿದಂತಿದೆ. ಹಾಗಾಗಿ ಕಂಕುಳು, ಎದೆಗೂದಲು, ಗಡ್ಡ, ರೆಪ್ಪೆಗೂದಲಿಗೂ ಹರಡಬಲ್ಲದು. ತಲೆಗೂದಲಲ್ಲಿ ಸಾಮಾನ್ಯವಾಗಿ ನೆಲೆಸುವುದಿಲ್ಲ. ರಕ್ತ ಹೀರುವಾಗ ಬಹುತೇಕ ಅಲುಗಾಡದೆ ಕೂತಿರುವುದರಿಂದ ಬರಿಗಣ್ಣಿಗೆ ಅದು ಹಕ್ಕಳೆಯ ತುಣುಕಿನಂತೆ ತೋರುತ್ತದೆ. ಬುಡದ ಹತ್ತಿರ ಅಂಟಿಕೊಂಡ ಸೀರನ್ನು ಗುರುತಿಸುವುದು ಇನ್ನೂ ಸುಲಭ: ಹೊಟ್ಟಾದರೆ ಬೆರಳಲ್ಲಿ ಎಳೆದರೆ ಜಾರಿ ಬರುತ್ತದೆ, ಸೀರು ಬರುವುದಿಲ್ಲ. ಒಳಚಡ್ಡಿಯ ಮೇಲೆ ತುಕ್ಕಿನ ಬಣ್ಣದ ಸಣ್ಣ ಚುಕ್ಕೆಗಳು, ಕೆಲವರಿಗೆ ತೊಡೆಯ ಮೇಲೆ ನೀಲಿಬೂದು ಮಚ್ಚೆಗಳು ಕಾಣುತ್ತವೆ.

ಇದಕ್ಕೆ ಶೇ. 1ರ ಪರ್ಮೆಥ್ರಿನ್ ಸಾಕು. ಹೇನಿರುವ ಕೂದಲಿನ ಜಾಗಕ್ಕೆಲ್ಲ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಬೇಕು. ಸೀರುಗಳು ಒಂದು ವಾರದ ಆಸುಪಾಸಿನಲ್ಲಿ ಒಡೆಯುತ್ತವೆ, ಮೊದಲ ಸಲದ ಔಷಧಕ್ಕೆ ಅವೆಲ್ಲ ಸಾಯುವುದಿಲ್ಲ. ಆದ್ದರಿಂದ 9–10 ದಿನಕ್ಕೆ ಇನ್ನೊಮ್ಮೆ ಹಚ್ಚುವುದು ರೂಢಿ. ಸತ್ತ ಸೀರನ್ನು ಸೀರಣಿಗೆಯಿಂದ ತೆಗೆಯಬಹುದು. ಬೋಳಿಸಿದರೆ ತಪ್ಪಿಲ್ಲ, ಆದರೆ ಔಷಧದ ಬದಲಿಗೆ ಅದೊಂದೇ ಸಾಲದು. ಸೀಮೆಎಣ್ಣೆ, ಫಿನಾಯಿಲ್ ಹಚ್ಚಿ ಆ ಸೂಕ್ಷ್ಮ ಚರ್ಮವನ್ನು ಸುಟ್ಟುಕೊಂಡು ಬರುವವರಿದ್ದಾರೆ. ಹೇನಿಗಿಂತ ಆ ಗಾಯವೇ ಹೆಚ್ಚು ಕಾಡುತ್ತದೆ. ರೆಪ್ಪೆಗೆ ಪರ್ಮೆಥ್ರಿನ್ ಮುಟ್ಟಿಸಬಾರದು. ಅಲ್ಲಿಗೆ ಕಣ್ಣಿಗೆ ಬಳಸುವ ವ್ಯಾಸಲಿನ್ ಮಾದರಿಯ ಮುಲಾಮನ್ನು ದಿನಕ್ಕೆ 2–4 ಬಾರಿಯಂತೆ 8–10 ದಿನ ಹಚ್ಚುತ್ತಾರೆ, ಹೇನು ಉಸಿರುಗಟ್ಟಿ ಸಾಯುತ್ತದೆ.

ಈ ಹೇನು ದಾಟುವುದು ಬಹುಪಾಲು ಲೈಂಗಿಕ ಸಂಪರ್ಕದಿಂದ. ಮೈಬಿಟ್ಟರೆ ಒಂದೆರಡು ದಿನದಲ್ಲಿ ಸಾಯುವುದರಿಂದ ಶೌಚಾಲಯದ ಸೀಟಿನಿಂದ ಬಂತು ಎಂಬ ವಿವರಣೆ ನಿಲ್ಲುವುದಿಲ್ಲ. ಮೈಗೆ ಮೈ ತಾಗಿದರೆ ಸಾಕಾದ್ದರಿಂದ ಕಾಂಡೋಮ್ ಕೂಡ ತಡೆಯುವುದಿಲ್ಲ. ಹಿಂದಿನ ಮೂರು ತಿಂಗಳ ಸಂಗಾತಿಗಳಿಗೆ ತಪಾಸಣೆ, ಈಗಿನ ಸಂಗಾತಿಗೆ ಅದೇ ದಿನ ಚಿಕಿತ್ಸೆ, ಇಬ್ಬರಿಗೂ ಎಚ್‌ಐವಿ, ಸಿಫಿಲಿಸ್ ಮುಂತಾದವುಗಳ ಪರೀಕ್ಷೆ ಆಗಬೇಕು. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳು ಇರುವುದು ಇಂಥವಕ್ಕೇ. ಮನೆಯ ಉಳಿದವರಿಗೆ ಹೇನು ಕಾಣದಿದ್ದರೆ ಔಷಧ ಬೇಡ.

ಕಜ್ಜಿಯ ಲೆಕ್ಕ ಬೇರೆ. ಹೆಣ್ಣುಹುಳ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆಯುತ್ತ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಮೈತುಂಬ ಗುಳ್ಳೆ ಎದ್ದವರಲ್ಲೂ ಹುಳಗಳ ಸಂಖ್ಯೆ ಸಾಮಾನ್ಯವಾಗಿ 10–15 ಅಷ್ಟೇ. ಉಳಿದ ಗುಳ್ಳೆಗಳೆಲ್ಲ ಹುಳ, ಅದರ ಮೊಟ್ಟೆ, ಮಲಕ್ಕೆ ಮೈ ತೋರುವ ಅಲರ್ಜಿ. ಈ ಅಲರ್ಜಿ ಕುದುರಲು ಮೊದಲ ಸಲ 3–6 ವಾರ ಬೇಕು. ಅಷ್ಟು ದಿನವೂ ನವೆಯೇ ಇಲ್ಲದ ವ್ಯಕ್ತಿ ಪಕ್ಕದಲ್ಲಿ ಮಲಗಿದವರಿಗೆ ಹುಳ ದಾಟಿಸುತ್ತಿರುತ್ತಾನೆ. ಒಮ್ಮೆ ಬಂದುಹೋದವರಿಗೆ ಮತ್ತೆ ಅಂಟಿದರೆ ಕೆಲವೇ ದಿನಗಳಲ್ಲಿ ನವೆ ಶುರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆನೆತ್ ಮೆಲನ್‌ಬಿ ಇದನ್ನು ಪರೀಕ್ಷಿಸಿ ನೋಡಿದರು. ಯುದ್ಧಕ್ಕೆ ಹೋಗಲೊಪ್ಪದ ಶಾಂತಿವಾದಿ ಸ್ವಯಂಸೇವಕರು ಕಜ್ಜಿ ಹಿಡಿದ ಸೈನಿಕರ ಒಳಉಡುಪು ತೊಟ್ಟು, ಅವರ ಕಂಬಳಿಯಲ್ಲಿ ಮಲಗಿದರು. ಸೋಂಕು ತಗುಲಿದ್ದು ತೀರ ಕೆಲವರಿಗೆ. ಹುಳ ದಾಟುವುದು ಮುಖ್ಯವಾಗಿ ಬಟ್ಟೆಯಿಂದಲ್ಲ, ಹೊತ್ತುಗಟ್ಟಲೆ ಮೈಗೆ ಮೈ ತಾಗುವುದರಿಂದ ಎಂದು ಗೊತ್ತಾಯಿತು. ಲೈಂಗಿಕ ಸಂಪರ್ಕ ಅದರಲ್ಲೊಂದು. ಮಗುವನ್ನು ತಬ್ಬಿ ಮಲಗುವುದು ಇನ್ನೊಂದು.

ಗುಪ್ತಾಂಗದ ನವೆ ಕಜ್ಜಿಯದೇ ಎಂದು ತಿಳಿಯಲು ನೋಡಬೇಕಾದ್ದು ಕೈಬೆರಳ ಸಂದು, ಮಣಿಕಟ್ಟಿನ ಒಳಭಾಗ, ಹೊಕ್ಕುಳು, ಸೊಂಟದಲ್ಲಿ ಉಡುದಾರ ಕೂರುವ ಜಾಗ, ಹೆಂಗಸರಲ್ಲಿ ಸ್ತನದ ತೊಟ್ಟಿನ ಸುತ್ತ. ಬಿಲ ಪೆನ್ಸಿಲಿನಿಂದ ಸಣ್ಣಗೆ ಎಳೆದಂಥ ಬೂದು ಗೆರೆ, ಕೆಲವು ಮಿಲಿಮೀಟರ್ ಉದ್ದ. ಗಂಡಸರ ಶಿಶ್ನ, ವೃಷಣದ ಚರ್ಮದ ಮೇಲೆ ಕೆಂಪಗೆ, ಗಟ್ಟಿಯಾಗಿ, ಕಡಲೆಕಾಳಿನಂತೆ ಗಂಟು ಎದ್ದು ತುರಿಸುತ್ತಿದ್ದರೆ ಅನುಭವಿ ವೈದ್ಯರು ಹೆಚ್ಚು ಯೋಚಿಸುವುದಿಲ್ಲ. ತೊಡೆಸಂದಿಯಲ್ಲಿ ಅಂಚು ಉಬ್ಬಿದ ವೃತ್ತವಾಗಿ ಹರಡುವುದಾದರೆ ಅದು ಹುಳುಕಡ್ಡಿ, ಅದರ ಔಷಧವೇ ಬೇರೆ.

ಒಂದು ಮನೆಯ ಉದಾಹರಣೆ ಹೀಗೆ. ಗಂಡ, ಹೆಂಡತಿ, ವಯಸ್ಸಾದ ಅತ್ತೆ, ಏಳು ಮತ್ತು ಮೂರು ವರ್ಷದ ಇಬ್ಬರು ಮಕ್ಕಳು. ಗಂಡನಿಗೆ ವೃಷಣದ ಮೇಲೆ ನವೆ. ನಾಚಿಕೆಗೆ ಯಾರಿಗೂ ಹೇಳದೆ ಮೆಡಿಕಲ್ ಶಾಪ್‌ನಿಂದ ಸ್ಟಿರಾಯ್ಡ್ ಬೆರೆಸಿದ ಹುಳುಕಡ್ಡಿ ಕ್ರೀಮ್ ತಂದು ಹಚ್ಚಿದ. ಸ್ಟಿರಾಯ್ಡ್ ಅಲರ್ಜಿಯನ್ನು ಅಡಗಿಸಿತು, ಹುಳವನ್ನಲ್ಲ. ಮೂರು ವಾರದಲ್ಲಿ ಬೆರಳ ಸಂದಿಗೂ ಬಂತು. ಚಿಕ್ಕ ಮಗುವಿನ ಅಂಗಾಲಲ್ಲೂ ಗುಳ್ಳೆ ಎದ್ದವು. ಹೆಂಡತಿ, ಅತ್ತೆಗೆ ಏನೂ ಇರಲಿಲ್ಲ.

ವೈದ್ಯರು ಬರೆದುಕೊಟ್ಟಿದ್ದು ಶೇ. 5ರ ಪರ್ಮೆಥ್ರಿನ್ ಕ್ರೀಮಿನ 30 ಗ್ರಾಂ ಟ್ಯೂಬ್ ಎಂಟು. ದೊಡ್ಡವರಿಗೆ ತಲಾ ಒಂದು, ಮಕ್ಕಳಿಬ್ಬರಿಗೂ ಸೇರಿ ಒಂದು, ಹೀಗೆ ಒಂದು ರಾತ್ರಿಗೆ ನಾಲ್ಕು. ಅದು ಎರಡು ಸಲಕ್ಕೆ. ಶನಿವಾರ ರಾತ್ರಿ ಐವರೂ ಒಣಮೈಗೆ, ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನಡಿ, ತೊಡೆಸಂದಿ, ಗುಪ್ತಾಂಗ ಬಿಡದೆ ಹಚ್ಚಿಕೊಂಡರು. ಅತ್ತೆಗೂ ಚಿಕ್ಕ ಮಗುವಿಗೂ ಕಣ್ಣು, ಬಾಯಿ ಬಿಟ್ಟು ಮುಖ, ತಲೆಗೂ ಸವರಿದರು. ಕೈ ತೊಳೆದವರು ಮತ್ತೆ ಕೈಗೆ ಹಚ್ಚಿಕೊಂಡರು; ಹೆಚ್ಚಿನವರು ಮರೆಯುವುದು ಇದನ್ನೇ. ಕನಿಷ್ಠ 8 ಗಂಟೆ ಬಿಟ್ಟು ಬೆಳಿಗ್ಗೆ ಸ್ನಾನ. ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಟವೆಲು, ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆದರು. ಒಗೆಯಲಾಗದ ರಗ್ಗನ್ನು ಒಂದು ವಾರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರು. ಮುಂದಿನ ಶನಿವಾರ ಮತ್ತೊಮ್ಮೆ ಅದೇ ಕ್ರಮ. ಗರ್ಭಿಣಿಯರೂ ಈ ಕ್ರೀಮ್ ಬಳಸಬಹುದು. ಕ್ರೀಮ್ ಆಗದ ವಯಸ್ಕರಿಗೆ ವೈದ್ಯರು ಐವರ್ಮೆಕ್ಟಿನ್ ಮಾತ್ರೆ ಕೊಡುತ್ತಾರೆ. 60 ಕಿಲೋ ತೂಕಕ್ಕೆ 12 ಮಿಲಿಗ್ರಾಂ, ಊಟದ ಜೊತೆ, ಒಂದೆರಡು ವಾರದ ನಂತರ ಇನ್ನೊಂದು ಸಲ. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೂ ಗರ್ಭಿಣಿಯರಿಗೂ ಅದು ಬೇಡ.

ಎರಡನೇ ಸಲ ಹಚ್ಚಿದ ಮೇಲೂ ಗಂಡನ ನವೆ ನಿಲ್ಲಲಿಲ್ಲ. ಔಷಧ ಹತ್ತಲಿಲ್ಲವೆಂದು ಅವನು ದಿನಾ ಕ್ರೀಮ್ ಹಚ್ಚತೊಡಗಿದ. ಚರ್ಮ ಒಣಗಿ ಉರಿ ಹೆಚ್ಚಿತು. ಸತ್ತ ಹುಳದ ಅವಶೇಷ ಚರ್ಮದ ಜೊತೆ ಉದುರಿಹೋಗುವವರೆಗೆ, ಅಂದರೆ ಎರಡರಿಂದ ನಾಲ್ಕು ವಾರ, ನವೆ ಇರುವುದು ಸಹಜ. ಹೊಸ ಗುಳ್ಳೆ, ಹೊಸ ಗೆರೆ ಮೂಡುತ್ತಿದೆಯೇ ಎಂಬುದಷ್ಟೇ ನೋಡಬೇಕಾದ್ದು. ಅವನಿಗೆ ಅಂಥದ್ದಿರಲಿಲ್ಲ. ಅಲರ್ಜಿ ಮಾತ್ರೆ ಮತ್ತು ಚರ್ಮ ಮೃದುವಾಗಿಸುವ ಮುಲಾಮಿನಿಂದ ರಾತ್ರಿ ನಿದ್ದೆ ಬರತೊಡಗಿತು. ವೃಷಣದ ಗಂಟುಗಳು ಕರಗಲು ಮಾತ್ರ ಕೆಲವು ತಿಂಗಳು ಹಿಡಿದವು. ನಾಲ್ಕು ವಾರದ ಮೇಲೆ ಹೊಸ ಗುಳ್ಳೆ ಎದ್ದರೆ ವೈದ್ಯರು ಔಷಧ ಬದಲಿಸುವ ಮುಂಚೆ ಕೇಳುವ ಪ್ರಶ್ನೆ ಒಂದೇ: ಆ ಶನಿವಾರ ರಾತ್ರಿ ಮನೆಯಲ್ಲಿ ಯಾರು ಹಚ್ಚಿಕೊಳ್ಳಲಿಲ್ಲ?