ಒಪ್ಪಿಗೆ ಪತ್ರದ ಮೊದಲ ಪುಟ

ಗರ್ಭಿಣಿಯರಿಗೆ ರಕ್ತ ಕಡಿಮೆ ಇದ್ದಾಗ ದಿನಕ್ಕೆರಡು ಕಬ್ಬಿಣದ ಮಾತ್ರೆ ಕೊಡುವುದು ನಮ್ಮ ಸರ್ಕಾರಿ ಆಸ್ಪತ್ರೆಗಳ ವಾಡಿಕೆ. ಮಾತ್ರೆಯ ಬದಲು ಕಬ್ಬಿಣದ ಔಷಧಿಯನ್ನು ಒಂದೇ ಸಲ ನರದ ಮೂಲಕ ಕೊಟ್ಟರೆ ಹೆಚ್ಚು ಗುಣ ಕಾಣುತ್ತದೆಯೇ? ಇದನ್ನು ತಿಳಿಯಲು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಅಧ್ಯಯನ ನಡೆಯುತ್ತಿದೆ ಎಂದುಕೊಳ್ಳೋಣ. ಐದು ತಿಂಗಳು ತುಂಬಿದ, ಹಿಮೋಗ್ಲೋಬಿನ್ 7ರಿಂದ 10ರ ನಡುವೆ ಇರುವ ಹೆಂಗಸರನ್ನು ಸೇರಿಸಿಕೊಳ್ಳುತ್ತಾರೆ. ಸೇರುವ ಮುನ್ನ ಪ್ರತಿಯೊಬ್ಬರಿಗೂ ಹನ್ನೆರಡು ಪುಟಗಳ ಒಪ್ಪಿಗೆ ಪತ್ರವೊಂದನ್ನು ಕೊಡುತ್ತಾರೆ.

ಇಂಥ ಪತ್ರದ ಮೊದಲೆರಡು ಪುಟಗಳಲ್ಲಿ ಸಾಮಾನ್ಯವಾಗಿ ಭಾರತದಲ್ಲಿ ರಕ್ತಹೀನತೆಯ ಸಮಸ್ಯೆ, ಅಧ್ಯಯನದ ಉದ್ದೇಶ, ಹಣ ಕೊಟ್ಟ ಸಂಸ್ಥೆಯ ಪರಿಚಯ ಇರುತ್ತದೆ. ಆಮೇಲೆ ನಾಲ್ಕು ಪುಟ ವಿಧಾನ. ತೊಂದರೆಗಳ ಪ್ರಸ್ತಾಪ ಬರುವಷ್ಟರಲ್ಲಿ ಒಂಬತ್ತನೇ ಪುಟ ತಲುಪಿರುತ್ತೇವೆ. ಬೇಡ ಎನ್ನುವ ಹಕ್ಕು ಹನ್ನೊಂದರಲ್ಲಿ, ಸಹಿಯ ಜಾಗಕ್ಕೆ ತಾಗಿಕೊಂಡು. ಓದುವವಳಿಗೆ ಬೇಕಾದದ್ದು ಇದರ ತಿರುವುಮುರುವು. ನನಗೆ, ಹೊಟ್ಟೆಯಲ್ಲಿರುವ ಮಗುವಿಗೆ ಏನಾದರೂ ಆದೀತೇ, ಒಲ್ಲೆ ಎಂದರೆ ಇಲ್ಲಿ ಹೆರಿಗೆ ಮಾಡಿಸುತ್ತಾರೋ ಇಲ್ಲವೋ ಎಂಬ ಎರಡು ಪ್ರಶ್ನೆ ಬಗೆಹರಿಯದೆ ಉಳಿದ ಯಾವ ಸಾಲೂ ಅವಳ ತಲೆಗೆ ಇಳಿಯುವುದಿಲ್ಲ.

ಓದುವವರಿಗೆ ಬೇಕಾದದ್ದನ್ನು ಮೊದಲು ಹೇಳಬೇಕು ಎಂಬುದು ಅಮೆರಿಕದಲ್ಲಿ ಕಾನೂನಿಗೇ ಬಂದಿದೆ. ಅಲ್ಲಿನ ಸರ್ಕಾರದ ಹಣದಿಂದ ಮನುಷ್ಯರ ಮೇಲೆ ನಡೆಯುವ ಸಂಶೋಧನೆಗಳಿಗೆ ಅನ್ವಯಿಸುವ ನಿಯಮ 2019ರ ಜನವರಿಯಿಂದ ಬದಲಾಯಿತು. ಸೇರಬೇಕೋ ಬೇಡವೋ ಎಂದು ತೀರ್ಮಾನಿಸಲು ನೆರವಾಗುವ ಮುಖ್ಯ ಸಂಗತಿಗಳು ಒಪ್ಪಿಗೆ ಪತ್ರದ ಆರಂಭದಲ್ಲೇ ಚಿಕ್ಕದಾಗಿ ಬರಬೇಕು ಎಂದು ಅದು ಹೇಳುತ್ತದೆ. ನಮ್ಮಲ್ಲಿ ಐಸಿಎಂಆರ್ 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿ ಮತ್ತು ಹೊಸ ಔಷಧಿಗಳ ಪ್ರಯೋಗಕ್ಕೆ ಸಂಬಂಧಿಸಿದ 2019ರ ನಿಯಮಗಳು ಪತ್ರದಲ್ಲಿ ಏನೇನಿರಬೇಕು ಎಂದು ಪಟ್ಟಿ ಮಾಡಿವೆ. ಆದರೆ ತೊಂದರೆ, ಹಕ್ಕುಗಳನ್ನು ಮೇಲಕ್ಕೆ ತರಲು ಅಡ್ಡಿಯೇನೂ ಇಲ್ಲ. ಪಟ್ಟಿಯಲ್ಲಿರುವ ಯಾವುದನ್ನೂ ಬಿಡದೆ ಜಾಗ ಬದಲಿಸಬಹುದು. ಹನ್ನೆರಡು ಪುಟವನ್ನು ಹರಿದು ಹಾಕಬೇಕಾಗಿಲ್ಲ. ಅದರ ಮುಂದೆ ಒಂದು ಪುಟ ಬರೆದು, ಒಳಗಿನದನ್ನು ತಿದ್ದಿದರೆ ಆಯಿತು.

ಆ ಒಂದು ಪುಟಕ್ಕೆ ಯಾವ ತೊಂದರೆ ಸೇರಬೇಕು ಎಂಬುದೇ ಕಷ್ಟದ ಆಯ್ಕೆ. ಎಲ್ಲವನ್ನೂ ತುಂಬಿದರೆ ಅದು ಮತ್ತೊಂದು ಒಂಬತ್ತನೇ ಪುಟವಾಗುತ್ತದೆ. ನಾನು ಬಳಸುವ ಅಳತೆ ಇದು: ಗೊತ್ತಾದರೆ ಒಬ್ಬ ವಿವೇಕಿ ಹೆಂಗಸು ತನ್ನ ನಿರ್ಧಾರ ಬದಲಿಸಬಹುದಾದ ತೊಂದರೆ ಯಾವುದು? ನಮ್ಮ ಅಧ್ಯಯನದಲ್ಲಿ ಸೂಜಿ ಚುಚ್ಚಿದ ಜಾಗ ನೀಲಿಗಟ್ಟುವುದು ಒಳಪುಟದಲ್ಲಿದ್ದರೆ ಸಾಕು. ನರದ ಮೂಲಕ ಕೊಡುವ ಕಬ್ಬಿಣ ಮೈಗೆ ಒಗ್ಗದೆ ತೀವ್ರ ಅಲರ್ಜಿ ಆಗುವುದು ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ಜೀವಕ್ಕೇ ಅಪಾಯ. ಅದು ಮೊದಲ ಪುಟಕ್ಕೆ ಬರಲೇಬೇಕು. ಹೀಗೆ ಅಲರ್ಜಿಯಾದಾಗ ಮಗುವಿನ ಎದೆಬಡಿತ ಸ್ವಲ್ಪ ಹೊತ್ತು ನಿಧಾನವಾಗಬಹುದು ಎಂಬ ಎಚ್ಚರಿಕೆ ಔಷಧಿಯ ಜೊತೆಗಿನ ಚೀಟಿಯಲ್ಲೇ ಇರುತ್ತದೆ. ಗರ್ಭಿಣಿಗೆ ಕೊಡುವ ಪತ್ರದಲ್ಲಿ ಇದಕ್ಕಿಂತ ಮೇಲೆ ಬರಬೇಕಾದ ಸಾಲು ಇನ್ನೊಂದಿಲ್ಲ. ಔಷಧಿ ನರದಿಂದ ಹೊರಗೆ ಸೋರಿದರೆ ಚರ್ಮದ ಮೇಲೆ ಕಂದು ಕಲೆ ಉಳಿದು ಬಹಳ ಕಾಲ ಹೋಗದೆ ಇರಬಹುದು. ವೈದ್ಯರ ಕಣ್ಣಿಗೆ ಇದು ಸಣ್ಣದು. ಕೈ ಮೇಲಿನ ಕಲೆ ಊರಿನ ಕಣ್ಣಿಗೆ ಬೀಳುವ ಕಡೆ ಸಣ್ಣದಲ್ಲ, ಹಾಗಾಗಿ ಅದನ್ನೂ ಸೇರಿಸುತ್ತೇನೆ.

ಅಪರೂಪ, ಸಾಮಾನ್ಯ ಎಂಬ ಮಾತುಗಳನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಶೇಕಡ 0.1 ಎಂದು ಬರೆದರೆ ಹಲವರಿಗೆ ಅದು ಸೊನ್ನೆ. ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ಎಂದು ಬರೆದರೆ ತಲೆ ಎಣಿಸಿ ನೋಡಬಹುದು. ಸಂಖ್ಯೆಯ ಪಕ್ಕದಲ್ಲೇ ಹಾಗಾದರೆ ಆಸ್ಪತ್ರೆಯವರು ಏನು ಮಾಡುತ್ತಾರೆ ಎಂಬುದೂ ಇರಬೇಕು.

ಹೀಗೆ ಬರೆದ ಮೊದಲ ಪುಟ ಹೀಗಿರುತ್ತದೆ:

“ಇದು ಸಂಶೋಧನೆ. ಸೇರುವುದು, ಬಿಡುವುದು ನಿಮ್ಮಿಷ್ಟ. ಬೇಡ ಅಂದರೂ ಇದೇ ಆಸ್ಪತ್ರೆಯಲ್ಲಿ ತಪಾಸಣೆ, ಕಬ್ಬಿಣದ ಮಾತ್ರೆ, ಹೆರಿಗೆ ಎಲ್ಲವೂ ಈಗಿನಂತೆಯೇ ನಡೆಯುತ್ತವೆ. ತಾಯಿ ಕಾರ್ಡ್ ಆಗಲಿ, ಸರ್ಕಾರದಿಂದ ಬರುವ ಹಣವಾಗಲಿ ನಿಲ್ಲುವುದಿಲ್ಲ. ಇವತ್ತು ಒಪ್ಪಿ ನಾಳೆ ಬೇಡ ಅನ್ನಬಹುದು. ಕಾರಣ ಹೇಳಬೇಕಾಗಿಲ್ಲ.

ನಿಮಗೆ ಮಾತ್ರೆಯೋ ಡ್ರಿಪ್ಪೋ ಎಂಬುದನ್ನು ಡಾಕ್ಟರು ಆರಿಸುವುದಿಲ್ಲ, ನೀವೂ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ. ಡ್ರಿಪ್ ಬಂದರೆ ಒಂದು ಸಲ, ಕನಿಷ್ಠ 15 ನಿಮಿಷ ಹಾಕುತ್ತಾರೆ. ಅದು ರಕ್ತವಲ್ಲ, ಕಂದು ಬಣ್ಣದ ಕಬ್ಬಿಣದ ಔಷಧಿ.

ಡ್ರಿಪ್‌ನಿಂದ ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ ತೀವ್ರ ಅಲರ್ಜಿ ಆಗಬಹುದು. ಉಸಿರು ಕಟ್ಟಬಹುದು, ತಲೆ ಸುತ್ತಿ ಬೀಳಬಹುದು, ಜೀವಕ್ಕೆ ಅಪಾಯವಾಗಬಹುದು. ಆಗ ಮಗುವಿನ ಎದೆಬಡಿತವೂ ನಿಧಾನವಾಗಬಹುದು. ಅದಕ್ಕಾಗಿ ಡ್ರಿಪ್ ಮುಗಿದ ಮೇಲೆ 30 ನಿಮಿಷ ನಿಮ್ಮನ್ನೂ ಮಗುವನ್ನೂ ನೋಡಿಕೊಳ್ಳುತ್ತೇವೆ; ಔಷಧಿ, ಡಾಕ್ಟರು ಪಕ್ಕದಲ್ಲೇ ಇರುತ್ತಾರೆ. ಸೂಜಿಯ ಜಾಗದಲ್ಲಿ ಕಂದು ಕಲೆ ಉಳಿಯಬಹುದು. ಮಾತ್ರೆಯಿಂದ ಮಲಬದ್ಧತೆ, ವಾಕರಿಕೆ ಆಗಬಹುದು, ಮಲ ಕಪ್ಪಾಗುತ್ತದೆ.

ಸಂಶೋಧನೆಯಿಂದ ತೊಂದರೆಯಾದರೆ ಚಿಕಿತ್ಸೆಗೆ ನೀವು ದುಡ್ಡು ಕೊಡಬೇಕಾಗಿಲ್ಲ. ಪರಿಶೀಲನೆಯ ನಂತರ ಪರಿಹಾರವನ್ನೂ ಪಡೆಯುವ ಹಕ್ಕು ನಿಮಗಿದೆ. ರಾತ್ರಿ ಹಗಲು ಈ ನಂಬರಿಗೆ ಫೋನ್ ಮಾಡಿ.”

ಇಷ್ಟರಲ್ಲಿ ಮೂರು ನಿರ್ಧಾರಗಳು ಅಡಗಿವೆ. ಮೊದಲನೆಯದು ಹಕ್ಕಿನ ಸಾಲಿನದು. ಮೂಲ ಪತ್ರದಲ್ಲಿ ಅದು ಹೀಗಿರುವುದು ವಾಡಿಕೆ: “ಸದರಿ ಅಧ್ಯಯನದಲ್ಲಿ ಭಾಗವಹಿಸುವಿಕೆಯು ಸ್ವಯಂಪ್ರೇರಿತವಾಗಿದ್ದು, ತಮ್ಮ ವೈದ್ಯಕೀಯ ಆರೈಕೆಗೆ ಯಾವುದೇ ಬಾಧಕವಿಲ್ಲದಂತೆ ಸಮ್ಮತಿಯನ್ನು ಹಿಂಪಡೆಯುವ ಹಕ್ಕನ್ನು ತಾವು ಹೊಂದಿರುತ್ತೀರಿ.” ತಪ್ಪೇನಿಲ್ಲ. ಆದರೆ ಹೆದರಿಕೆ ಇರುವುದು ಆರೈಕೆ ಎಂಬ ಒಟ್ಟು ಮಾತಿನ ಬಗ್ಗೆ ಅಲ್ಲ. ತಾಯಿ ಕಾರ್ಡ್ ಕಿತ್ತುಕೊಂಡಾರೇ, ಹೆರಿಗೆಗೆ ಬಂದಾಗ ಜಿಲ್ಲಾಸ್ಪತ್ರೆಗೆ ಹೋಗು ಅಂದಾರೇ, ಆಶಾ ಅಕ್ಕ ಬೇಸರ ಮಾಡಿಕೊಂಡಾಳೇ ಎಂಬ ಬಿಡಿಬಿಡಿ ಹೆದರಿಕೆಗಳವು. ಒಂದೊಂದನ್ನೂ ಹೆಸರಿಟ್ಟು ಹೇಳಿದರೆ ಮಾತ್ರ ಹಕ್ಕು ನಂಬುವಂತಿರುತ್ತದೆ. ಹಾಗೆ ಹೆಸರಿಸುವ ಮುನ್ನ ಅದು ನಿಜವಾಗಿ ಹಾಗೆಯೇ ನಡೆಯುತ್ತದೆಯೇ ಎಂದು ಆಸ್ಪತ್ರೆಯವರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು.

ಎರಡನೆಯದು, ಡಾಕ್ಟರು ಆರಿಸುವುದಿಲ್ಲ ಎಂಬ ಸಾಲು. ಬಿಳಿ ಕೋಟಿನವರು ಕೊಡುವುದೆಲ್ಲ ತನಗೆ ಒಳ್ಳೆಯದೆಂದು ನೋಡಿಯೇ ಕೊಡುತ್ತಾರೆ ಎಂದು ರೋಗಿ ನಂಬುವುದು ಸಹಜ. ಸಂಶೋಧನೆಯಲ್ಲಿ ಆ ನಂಬಿಕೆ ಅರ್ಧ ಮಾತ್ರ ನಿಜ. ಇದನ್ನು ಬಿಡಿಸಿ ಹೇಳದಿದ್ದರೆ ಉಳಿದ ಪತ್ರ ಎಷ್ಟೇ ಸರಳವಾಗಿದ್ದರೂ ಆಕೆ ಒಪ್ಪಿದ್ದು ಚಿಕಿತ್ಸೆಗೆ, ಸಂಶೋಧನೆಗಲ್ಲ.

ಮೂರನೆಯದು, ಅದು ರಕ್ತವಲ್ಲ ಎಂಬುದು. ರಕ್ತಹೀನತೆ ಎಂಬಲ್ಲಿ ರಕ್ತ ಕಡಿಮೆ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದರಿಂದಲೇ ಎರಡು ಗೊಂದಲ ಹುಟ್ಟುತ್ತವೆ. ರಕ್ತ ಕಡಿಮೆ, ಬಾಟ್ಲಿ ಹಾಕುತ್ತಾರೆ ಅಂದರೆ ಬೇರೆಯವರ ರಕ್ತ ಏರಿಸುತ್ತಾರೆ ಎಂದುಕೊಳ್ಳುವವರಿದ್ದಾರೆ. ಇರುವ ರಕ್ತವೇ ಕಡಿಮೆ, ಮತ್ತೆ ಪರೀಕ್ಷೆಗೆಂದು ಯಾಕೆ ತೆಗೆಯುತ್ತೀರಿ ಎಂದು ಕೇಳುವವರೂ ಇದ್ದಾರೆ. ಒಳಪುಟದಲ್ಲಿ ಅದಕ್ಕೆ ಉತ್ತರ ಬೇಕು: ಪ್ರತಿ ಸಲ 5 ಮಿಲಿ, ಒಂದು ಟೀ ಚಮಚದಷ್ಟು, ಅದರಿಂದ ನಿಶ್ಶಕ್ತಿ ಬರುವುದಿಲ್ಲ.

ಬಿಟ್ಟು ಹೋಗುವ ಹಕ್ಕಿಗೂ ಒಂದು ಮಿತಿ ಇದೆ. ಒಳಹೋದ ಕಬ್ಬಿಣವನ್ನು ವಾಪಸ್ ತೆಗೆಯಲಾಗದು. ಅಲ್ಲಿಯವರೆಗೆ ಬರೆದುಕೊಂಡ ಮಾಹಿತಿ, ತೆಗೆದಿಟ್ಟ ರಕ್ತದ ಮಾದರಿ ಏನಾಗುತ್ತವೆ ಎಂಬುದನ್ನು ಸಂಶೋಧಕರು ಮೊದಲೇ ನಿರ್ಧರಿಸಿ ಪತ್ರದಲ್ಲಿ ಬರೆಯಬೇಕು. ಇನ್ನೊಂದು ಸಂಗತಿ, ಕನ್ನಡದ ಪತ್ರ ಅನುವಾದವಾಗುವ ಇಂಗ್ಲಿಷ್ ಮೂಲದಲ್ಲಿ ಇರುವುದೇ ಇಲ್ಲ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಹೆರಿಗೆಯ ಹೊತ್ತಿನ ತಪಾಸಣೆ ಇದೇ ಆಸ್ಪತ್ರೆಯಲ್ಲಿ ಆಗಬೇಕೆಂದರೆ ಆಕೆ ಏನು ಮಾಡಬೇಕು? ಇದಕ್ಕೆ ಉತ್ತರವಿಲ್ಲದ ಪತ್ರವನ್ನು ಮನೆಯಲ್ಲಿ ಅತ್ತೆ ಮೊದಲ ನೋಟಕ್ಕೇ ಪಕ್ಕಕ್ಕಿಡುತ್ತಾರೆ.

ತೊಂದರೆಯನ್ನೇ ಮುಂದಿಟ್ಟರೆ ಯಾರೂ ಸೇರುವುದಿಲ್ಲ ಎಂದು ಸಂಶೋಧಕರು ಅಂಜುತ್ತಾರೆ. ಕೆಲವರು ಸೇರದೆ ಹೋಗಬಹುದು, ನಿಜ. ಆದರೆ ಒಂಬತ್ತನೇ ಪುಟದ ಸಂಗತಿಯನ್ನು ಡ್ರಿಪ್ ಹಾಕಿಸಿಕೊಂಡ ಮೇಲೆ ಪಕ್ಕದ ಮನೆಯವರಿಂದ ಕೇಳಿ ಮತ್ತೆ ಬಾರದೆ ಹೋಗುವವಳು ಅಧ್ಯಯನಕ್ಕೆ ಇನ್ನೂ ದೊಡ್ಡ ನಷ್ಟ.

ಬರೆದದ್ದು ಸರಿಯಾಗಿದೆಯೇ ಎಂದು ನೋಡಲು ಸಂಸ್ಥೆಗಳು ನೆಚ್ಚಿಕೊಂಡಿರುವುದು ಮರು ಅನುವಾದವನ್ನು. ಕನ್ನಡದ ಪತ್ರವನ್ನು ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಡನೆ ಹೋಲಿಸುತ್ತಾರೆ. ಸಂಖ್ಯೆ ತಪ್ಪಿದ್ದರೆ, ಸಾಲು ಬಿಟ್ಟುಹೋಗಿದ್ದರೆ ಇದರಲ್ಲಿ ಸಿಗುತ್ತದೆ. ಓದುವವರಿಗೆ ಅರ್ಥವಾಗುತ್ತದೆಯೇ ಎಂಬುದು ಮಾತ್ರ ಸಿಗುವುದಿಲ್ಲ. ನೋಡಿ, “ಸಮ್ಮತಿಯನ್ನು ಹಿಂಪಡೆಯುವ ಹಕ್ಕು” ಎಂಬುದು ಇಂಗ್ಲಿಷಿಗೆ ಪದಕ್ಕೆ ಪದ ತಿರುಗಿ ಪೂರ್ತಿ ಅಂಕ ಗಿಟ್ಟಿಸುತ್ತದೆ. “ಇವತ್ತು ಒಪ್ಪಿ ನಾಳೆ ಬೇಡ ಅನ್ನಬಹುದು” ಎಂಬುದು ಮೂಲದಲ್ಲಿಲ್ಲದ ಸಾಲಾಗಿ ಕಂಡು ಕೆಂಪು ಗೆರೆ ಹಾಕಿಸಿಕೊಳ್ಳುತ್ತದೆ. ಅಂದರೆ ಪರೀಕ್ಷೆಯೇ ಕಠಿಣ ಕನ್ನಡದ ಪರವಾಗಿದೆ. ದಾರಿ ಒಂದೇ: ಮೊದಲ ಪುಟವನ್ನು ಕನ್ನಡದಲ್ಲೇ ಬರೆದು, ಪಳಗಿಸಿ, ಆಮೇಲೆ ಅದಕ್ಕೆ ತಕ್ಕಂತೆ ಇಂಗ್ಲಿಷನ್ನು ತಿದ್ದಿ, ಎರಡನ್ನೂ ಒಟ್ಟಿಗೆ ನೈತಿಕ ಸಮಿತಿಯ ಮುಂದಿಡುವುದು.

ಪಳಗಿಸುವುದು ಎಂದರೆ ಅಂಥದೇ ಹೆಂಗಸರ ಮುಂದೆ ಓದಿ ನೋಡುವುದು. ಅಧ್ಯಯನಕ್ಕೆ ಸೇರದ ಆರೇಳು ಗರ್ಭಿಣಿಯರು, ಒಬ್ಬಿಬ್ಬರು ಅತ್ತೆಯಂದಿರು ಸಾಕು. ಅರ್ಥವಾಯಿತೇ ಎಂದು ಕೇಳಬಾರದು; ಆಸ್ಪತ್ರೆಯಲ್ಲಿ ಆ ಪ್ರಶ್ನೆಗೆ ಎಲ್ಲರೂ ಹೂಂ ಅನ್ನುತ್ತಾರೆ. “ಮನೆಯಲ್ಲಿ ಇದೇನು ಅಂತ ಕೇಳಿದರೆ ಏನು ಹೇಳ್ತೀರವ್ವಾ?” ಎಂದು ಕೇಳಬೇಕು. “ಡಾಕ್ಟರು ನನಗೆ ಯಾವುದು ಸರಿ ಅಂತ ನೋಡಿ ಕೊಡ್ತಾರಂತ್ರೀ” ಎಂಬ ಉತ್ತರ ಬಂದರೆ ತಪ್ಪು ಆಕೆಯದಲ್ಲ, ಚೀಟಿಯ ಸಾಲಿನದು. ಅದನ್ನು ತಿದ್ದಿ ಬೇರೆಯವರ ಮುಂದೆ ಓದಬೇಕು. ಇಬ್ಬರು ಒಂದೇ ಕಡೆ ಎಡವಿದರೆ ಆ ಸಾಲು ಉಳಿಯಬಾರದು. ಬೆಳಗಾವಿಯ ಕಡೆ ಸಲಾಯಿನ್ ಎನ್ನುವುದನ್ನು ಮೈಸೂರಿನ ಕಡೆ ಡ್ರಿಪ್ ಅಥವಾ ಗ್ಲೂಕೋಸ್ ಎನ್ನುವುದೂ ಇಂಥ ಓದಿನಲ್ಲೇ ಹೊರಬರುತ್ತದೆ. ಎರಡೂ ಕಡೆ ಅಧ್ಯಯನವಿದ್ದರೆ ಎರಡು ಪತ್ರ ಮಾಡುವುದು ಮೇಲು.

ಓದಲು ಬಾರದವರಿಗೆ ಈ ಪುಟವನ್ನು ಓದಿ ಹೇಳುವಾಗ ಅಧ್ಯಯನಕ್ಕೆ ಸೇರದ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಅಲ್ಲಿರಬೇಕು. ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಕರೆತಂದ ವಾರ್ಡಿನ ಆಯಾ ಸಾಕ್ಷಿಯಾಗುವುದಿಲ್ಲ. ಸಹಿ ಮಾಡಿದ ಪ್ರತಿ ಆಕೆಯ ಜೊತೆ ಮನೆಗೆ ಹೋಗಬೇಕು. ಒಂದು ಪದ ಬದಲಾದರೂ ಪತ್ರ ಮತ್ತೆ ಸಮಿತಿಗೆ ಹೋಗಿ ಬರಬೇಕಾದ್ದರಿಂದ ಪ್ರತಿ ಪುಟದ ಕೆಳಗೆ ಆವೃತ್ತಿಯ ಸಂಖ್ಯೆ, ತಾರೀಖು ಹಾಕಿ, ಹಳೆಯ ಪ್ರತಿಗಳ ಕಟ್ಟನ್ನು ಓಪಿಡಿಯ ಮೇಜಿನಿಂದ ಅಂದೇ ಎತ್ತಿಬಿಡಿ. ಇಲ್ಲದಿದ್ದರೆ ಹೊಸ ಪುಟ ಫೈಲಿನಲ್ಲಿ ಉಳಿದು, ಹಳೆಯದಕ್ಕೆ ಸಹಿ ಬೀಳುತ್ತಿರುತ್ತದೆ.